ಎರಡು ಕಾಲಿಗೆ ಬಹುವಚನ

ಕೆ.ಆರ್. ನಗರದ ಕಡೆಯ ಮದುವೆಯ ಕರೆಯೋಲೆಗಳ ನೆತ್ತಿಯಲ್ಲಿ ‘ಶ್ರೀ ಮಹಾಗಣಪತಯೇ ನಮಃ’, ‘ಶ್ರೀ ಗುರುಭ್ಯೋ ನಮಃ’ ಎಂಬ ಎರಡು ಸಾಲು ಅಕ್ಕಪಕ್ಕ ಅಚ್ಚಾಗಿರುವುದು ವಾಡಿಕೆ. ನಮಸ್ಕಾರ ಎರಡಕ್ಕೂ ಒಂದೇ, ವಚನ ಮಾತ್ರ ಬೇರೆ. ‘ಗಣಪತಯೇ’ ಏಕವಚನ, ‘ಗುರುಭ್ಯಃ’ ಬಹುವಚನ. ಒಬ್ಬ ಗುರು ಎಂದು ಲೆಕ್ಕಕ್ಕೆ ಹೇಳುವುದಾದರೆ ‘ಗುರವೇ’ ಎನ್ನಬೇಕಿತ್ತು. ಇಲ್ಲಿನ ಬಹುವಚನವನ್ನು ಗುರುಪರಂಪರೆಗೆ ಸಲ್ಲಿಸಿದ್ದು ಎಂದೂ ಓದಬಹುದು, ಒಬ್ಬರೇ ಗುರುವಿಗೆ ತೋರಿದ ಗೌರವ ಎಂದೂ ಓದಬಹುದು. ದೇವರಿಗೆ ಆ ಗೌರವದ ಗೊಡವೆಯೇ ಇಲ್ಲ.

ವೇದದ ಸೂಕ್ತಗಳಿಂದ ಹಿಡಿದು ಈಚಿನ ಅಷ್ಟಕಗಳವರೆಗೆ ಸಂಸ್ಕೃತ ಸ್ತುತಿಗಳು ಒಬ್ಬ ದೇವರನ್ನು ಕರೆಯುವುದು ‘ತ್ವಂ’ ಎಂದೇ. ಗೀತೆಯ ಹನ್ನೊಂದನೆಯ ಅಧ್ಯಾಯದಲ್ಲಿ ಅರ್ಜುನ, ಗೆಳೆಯನೆಂದು ಸಲಿಗೆಯಿಂದ ಹೆಸರು ಹಿಡಿದು ಕೂಗಿದ್ದಕ್ಕೆ ಕ್ಷಮೆ ಬೇಡುತ್ತಾನೆ. ಆದರೆ ‘ತ್ವಂ’ ಎಂದದ್ದಕ್ಕೆ ಬೇಡುವುದಿಲ್ಲ, ಬೇಡುವಾಗಲೂ ಅದೇ ಸರ್ವನಾಮದಲ್ಲಿ ಮಾತಾಡುತ್ತಾನೆ. ಬಹುವಚನ ಬೇಕಾದದ್ದು ಮನುಷ್ಯರಿಗೆ. ಪಾಣಿನಿಯ ಸೂತ್ರಗಳ ವ್ಯಾಖ್ಯಾನವಾದ ‘ಕಾಶಿಕಾವೃತ್ತಿ’ ಗುರುವಿಗೆ ‘ತ್ವಂ’ ಸಲ್ಲುತ್ತದೆ, ಕೆಲವರ ಮತದಲ್ಲಿ ‘ಯೂಯಂ’ ಕೂಡ ಸಲ್ಲುತ್ತದೆ ಎನ್ನುತ್ತದೆ. ನಮ್ಮ ‘ನೀವು’ ಹಿಡಿದ ದಾರಿಯೂ ಇದೇ.

ಈ ಗೌರವ ಗಟ್ಟಿಯಾಗಿ ಕುಳಿತದ್ದು ‘ಪಾದ’ ಎಂಬ ಮಾತಿನಲ್ಲಿ. ಸಂಸ್ಕೃತದಲ್ಲಿ ಏಕವಚನ, ಬಹುವಚನಗಳ ನಡುವೆ ದ್ವಿವಚನವಿದೆ. ಒಬ್ಬರ ಕಾಲು ಎರಡೇ ಆದ್ದರಿಂದ ‘ಪಾದೌ’ ಎನ್ನಬೇಕು. ಆದರೂ ಪೂಜ್ಯರ ಹೆಸರಿನ ಕೊನೆಗೆ ಸೇರಿದಾಗ ಅದು ‘ಪಾದಾಃ’ ಆಗುತ್ತದೆ: ಭಗವತ್ಪಾದಾಃ, ಆಚಾರ್ಯಪಾದಾಃ, ದೊರೆಗಾದರೆ ದೇವಪಾದಾಃ. ಎರಡು ಕಾಲಿಗೆ ಎರಡನ್ನು ಮೀರಿದ ಲೆಕ್ಕ ಹಾಕಿದ್ದೇ ಇದು ಕಾಲಿನ ಮಾತಲ್ಲ ಎಂಬುದರ ಗುರುತು. ಅರ್ಥ ಬರೆಯುವವರು ಎಡವುವುದೂ ಇಲ್ಲೇ. ‘ಆಚಾರ್ಯಪಾದಾಃ ವದಂತಿ’ ಎಂಬುದನ್ನು ‘ಆಚಾರ್ಯರ ಪಾದಗಳು ಹೇಳುತ್ತವೆ’ ಎಂದು ಬರೆದರೆ ಕಾಲಿಗೆ ಬಾಯಿ ಬಂದಂತಾಯಿತು. ಕ್ರಿಯಾಪದ ನೋಡಿಕೊಳ್ಳಬೇಕು: ಹೇಳುವುದು, ಬರೆಯುವುದು ಮನುಷ್ಯನ ಕೆಲಸವಾದರೆ ‘ಆಚಾರ್ಯಪಾದರು ಹೇಳುತ್ತಾರೆ’. ‘ಪಾದೌ’ ಎಂದು ಬಂದು ವಂದಿಸುವ ಮಾತಿದ್ದರೆ ಅದು ನಿಜವಾದ ಪಾದ.

ಕನ್ನಡಕ್ಕೆ ದ್ವಿವಚನವಿಲ್ಲ. ‘ಪಾದಗಳು’ ಎಂದರೆ ಎರಡೂ ಹೌದು, ಇಪ್ಪತ್ತೂ ಹೌದು. ಗೌರವವನ್ನು ಕಾಲಿನಿಂದ ಬೇರ್ಪಡಿಸಲು ಕನ್ನಡ ಬೇರೆ ಉಪಾಯ ಮಾಡಬೇಕಾಯಿತು. ಶ್ರವಣಬೆಳಗೊಳದ 7ನೆಯ ಶತಮಾನದ ಸುಮಾರಿನ ಶಾಸನಗಳಲ್ಲಿ ಜೈನ ಮುನಿಗಳನ್ನು ‘ಗುರವಡಿಗಳ್’ ಎಂದು ಕರೆದಿದೆ. ಅಡಿ ಎಂದರೆ ಪಾದವೇ, ಅಚ್ಚಗನ್ನಡದ್ದು. ಮಾಧ್ವ ಮಠಗಳ ಬಿರುದಾದ ‘ಶ್ರೀಪಾದಂಗಳವರು’ ಇನ್ನೊಂದು ಹೆಜ್ಜೆ ಮುಂದಿಡುತ್ತದೆ. ‘ಪಾದಂಗಳು’ ಎಂಬಲ್ಲಿಗೆ ನಿಲ್ಲಿಸಿದರೆ ಅದು ನಪುಂಸಕ, ‘ಬಂದವು’ ಎನ್ನಬೇಕಾಗುತ್ತದೆ. ‘ಅವರು’ ಸೇರಿದ ಕೂಡಲೇ ಪಾದ ವ್ಯಕ್ತಿಯಾಗಿ ‘ದಯಮಾಡಿಸಿದರು’ ಎನಿಸಿಕೊಳ್ಳುತ್ತದೆ. ಬಹುವಚನದ ಮೇಲೆ ಬಹುವಚನ ಹೇರಿದ್ದು ಆಡಂಬರವೆಂದು ತೋರಬಹುದು. ನನಗೇನೋ ಅದು ವ್ಯಾಕರಣದ ಅಗತ್ಯವೆಂದೇ ಕಾಣುತ್ತದೆ. ಹಳೆಗನ್ನಡದ ‘ಂಗಳ್’ ಈ ಬಿರುದಿನ ಆಸರೆಯಲ್ಲಿ ಇಂದಿಗೂ ಉಳಿದುಕೊಂಡಿದೆ ಎಂಬುದು ಮೇಲಿನ ಲಾಭ.

ಕೆ.ಆರ್. ನಗರದ ಸೀಮೆಯಲ್ಲೇ ಗೌರವದ ಈ ಮೆಟ್ಟಿಲುಗಳು ಕಾಣಸಿಗುತ್ತವೆ. ಚುಂಚನಕಟ್ಟೆಯಲ್ಲಿರುವುದು ಕೋದಂಡರಾಮ, ‘ರಾಮಾಯ ನಮಃ’ ಎಂಬುದು ‘ರಾಮನಿಗೆ ನಮಸ್ಕಾರ’. ಅಲ್ಲಿಂದ ದೂರವಿಲ್ಲದ ಸಾಲಿಗ್ರಾಮ ರಾಮಾನುಜರ ನೆನಪಿನ ಊರು. ಅವರ ಶಿಷ್ಯ ಮುದಲಿಯಾಂಡಾನ್ ಊರಿನ ನೀರಿಗೆ ಕಾಲು ಸೋಕಿಸಿದರೆಂದು ಸಂಪ್ರದಾಯದವರು ಹೇಳುವ ಶ್ರೀಪಾದತೀರ್ಥ ಅಲ್ಲಿದೆ. ಇದು ನಿಜವಾದ ಪಾದ, ‘ಪಾದೌ’ ಬಗೆಯದು. ಆ ಊರಿನವರೇ ಆದ ವಡುಗನಂಬಿ, ಸಂಸ್ಕೃತದಲ್ಲಿ ಆಂಧ್ರಪೂರ್ಣರು, ರಾಮಾನುಜರ ಅಷ್ಟೋತ್ತರ ಶತನಾಮ ರಚಿಸಿದರೆಂಬ ಪ್ರತೀತಿಯಿದೆ. ನಾಮಾವಳಿಯಲ್ಲಿ ‘ರಾಮಾನುಜಾಯ ನಮಃ’ ಎಂಬುದು ‘ರಾಮಾಯ’ದ ಹಾಗೇ ಏಕವಚನ. ಕನ್ನಡದ ಅರ್ಥಕ್ಕೆ ಬಂದಾಗ ಮಾತ್ರ ‘ರಾಮಾನುಜನಿಗೆ’ ಎನ್ನಲು ನಾಲಿಗೆ ಏಳುವುದಿಲ್ಲ, ‘ರಾಮಾನುಜರಿಗೆ’ ಎಂದೇ ಆಗಬೇಕು. ಸಂಸ್ಕೃತ ಒಂದೇ ವಚನದಲ್ಲಿ ಒಟ್ಟಿಗೆ ಕೂರಿಸಿದ ದೇವರನ್ನೂ ಗುರುವನ್ನೂ ಕನ್ನಡ ಬೇರೆ ಬೇರೆ ಮಣೆಯಲ್ಲಿ ಕೂರಿಸುತ್ತದೆ.

ವಡುಗನಂಬಿಗಳಿಗಂತೂ ಗುರುವೇ ದೇವರು. ಶ್ರೀರಂಗದಲ್ಲಿ ರಂಗನಾಥನ ಉತ್ಸವ ಬೀದಿಗೆ ಬಂದಾಗ ರಾಮಾನುಜರು ಅವರನ್ನು ಹೊರಗೆ ಕರೆದರಂತೆ. ಗುರುಗಳಿಗಾಗಿ ಒಲೆಯ ಮೇಲೆ ಹಾಲಿಟ್ಟಿದ್ದ ಶಿಷ್ಯ ಒಳಗಿಂದಲೇ ಉತ್ತರಿಸಿದರಂತೆ. ನಮ್ಮ ಕಡೆ ಆ ಉತ್ತರ ಹೇಳುವ ಬಗೆ ಹೀಗೆ: “ನಿಮ್ಮ ದೇವರನ್ನು ನೋಡಲು ಬಂದರೆ ನನ್ನ ದೇವರ ಹಾಲು ಉಕ್ಕಿಹೋಗುತ್ತದೆ.” ದೇವರೆಂದು ಕರೆದರೂ ಗುರುವಿನ ‘ನೀವು’ ಬಿಟ್ಟುಹೋಗಲಿಲ್ಲ.