ಚರ್ಮದ ಬ್ಯಾಡ್ಜ್‌ನಿಂದ ಸ್ಟ್ರೀಕ್‌ವರೆಗೆ: ಬಹುಮಾನ ಕೊಟ್ಟರೆ ಕಲಿಯೋ ಆಸೆ ಏನಾಗುತ್ತೆ?

📌 1/6
ಕಲಿಕೆಯ ಆ್ಯಪ್ ತೆಗೆದ ತಕ್ಷಣ ಏನು ಕಾಣುತ್ತೆ? ಪಾಯಿಂಟ್ಸು, ಬ್ಯಾಡ್ಜು, ಲೀಡರ್‌ಬೋರ್ಡು, "ನಿಮ್ಮ ಸ್ಟ್ರೀಕ್ ಇನ್ನೇನು ಮುರಿಯುತ್ತೆ" ಅನ್ನೋ ನೋಟಿಫಿಕೇಶನ್ನು. ಇದೆಲ್ಲ ಮೊಬೈಲ್ ಬಂದ ಮೇಲೆ ಹುಟ್ಟಿದ್ದು ಅಂದ್ಕೊಂಡಿದ್ರೆ, ಬನ್ನಿ, 200 ವರ್ಷ ಹಿಂದಿನ ಲಂಡನ್ನಿಗೆ ಹೋಗಿಬರೋಣ.

1798ರಲ್ಲಿ ಜೋಸೆಫ್ ಲ್ಯಾಂಕಾಸ್ಟರ್ ಅನ್ನೋ ಇಪ್ಪತ್ತರ ಹುಡುಗ ಅಲ್ಲಿ ಬಡಮಕ್ಕಳಿಗೆ ಶಾಲೆ ತೆರೆದ. ಆಮೇಲೆ ಬರೋ ರೋಡ್‌ನ ದೊಡ್ಡ ಹಾಲ್‌ನಲ್ಲಿ ನೂರಾರು ಹುಡುಗರು ಕೂರೋಕೆ ಶುರುವಾಯ್ತು. ಮೇಷ್ಟ್ರು ಮಾತ್ರ ಒಬ್ಬರೇ! ಹಾಗಾಗಿ ಸ್ವಲ್ಪ ಮುಂದಿರೋ ಹುಡುಗರು ಉಳಿದವರಿಗೆ ಪಾಠ ಹೇಳ್ತಿದ್ದರು. ಅವರಿಗೆ ಮಾನಿಟರ್ ಅಂತ ಹೆಸರು. ಇದೇ ಥರದ ಪದ್ಧತಿಯನ್ನ ಆಂಡ್ರೂ ಬೆಲ್ ಅನ್ನೋ ಪಾದ್ರಿ ನಮ್ಮ ಪಕ್ಕದ ಮದ್ರಾಸಿನ ಅನಾಥಾಲಯವೊಂದರಲ್ಲಿ ಮೊದಲೇ ನಡೆಸಿ, 1797ರಲ್ಲಿ ಅದರ ವರದಿ ಪ್ರಕಟಿಸಿದ್ದ. ಮರಳಿನ ಮೇಲೆ ಬೆರಳಲ್ಲಿ ಅಕ್ಷರ ತಿದ್ದಿಸೋದನ್ನ ಅವನು ಕಲಿತದ್ದು ಇಲ್ಲಿನ ಶಾಲೆಗಳನ್ನ ನೋಡಿಯೇ.

📌 2/6
ಈಗ ಲ್ಯಾಂಕಾಸ್ಟರ್‌ನ ಸಮಸ್ಯೆ ನೋಡಿ. ಅವನಿಗೆ ಬೆತ್ತ ಹಿಡಿಯೋಕೆ ಇಷ್ಟ ಇರಲಿಲ್ಲ. ಆದರೆ ಅಷ್ಟು ಹುಡುಗರ ಗಮನ ಪಾಠದ ಮೇಲೆ ನಿಲ್ಲಬೇಕಲ್ಲ? ಅದಕ್ಕೆ ಅವನು ಕಂಡುಕೊಂಡ ದಾರಿ ಬಹುಮಾನ.

ತರಗತಿಯಲ್ಲಿ ಮೊದಲ ಸ್ಥಾನ ಪಡೆದ ಹುಡುಗನ ಎದೆ ಮೇಲೆ "ಮೆರಿಟ್" ಅಂತ ಹೊಂಬಣ್ಣದಲ್ಲಿ ಬರೆದ ಚರ್ಮದ ಬಿಲ್ಲೆ ತೂಗ್ತಿತ್ತು. ಪಕ್ಕದವನು ಅವನನ್ನ ಹಿಂದೆ ಹಾಕಿದರೆ ಬಿಲ್ಲೆ ಅವನ ಪಾಲು. ಇದೇ ಆ ಕಾಲದ ಲೀಡರ್‌ಬೋರ್ಡ್. ಚೆನ್ನಾಗಿ ಓದಿದವರಿಗೆ ಟಿಕೆಟ್ ಸಿಗ್ತಿತ್ತು. ಟಿಕೆಟ್ ಕೂಡಿಸಿಟ್ಟರೆ ಚೆಂಡು, ಬ್ಯಾಟು, ಗಾಳಿಪಟ! ಒಳ್ಳೆ ಮಾನಿಟರ್‌ಗಳಿಗೆ ಕೊರಳಿಗೆ ಬೆಳ್ಳಿ ಪದಕ. ಪಾಯಿಂಟ್ಸ್, ಬ್ಯಾಡ್ಜ್, ಅಂಗಡಿ ಎಲ್ಲ ರೆಡಿ.

ಇದಕ್ಕೆ ಇನ್ನೊಂದು ಮುಖಾನೂ ಇತ್ತು. ಹೊಡೆತ ಇಲ್ಲದಿದ್ರೂ ಅವಮಾನ ಇತ್ತು. ತಪ್ಪು ಮಾಡಿದವನ ಕುತ್ತಿಗೆಗೆ ಮರದ ತುಂಡು ಕಟ್ಟೋರು, ಕೆಲವರನ್ನ ಬುಟ್ಟಿಯಲ್ಲಿ ಕೂರಿಸಿ ಮಾಡಿಗೆ ನೇತುಹಾಕೋರು. ಎಲ್ಲರೂ ನೋಡೋ ಹಾಗೆ ಮೇಲೇರಿಸೋದು, ಎಲ್ಲರೂ ನೋಡೋ ಹಾಗೆ ಕೆಳಗಿಳಿಸೋದು: ಎರಡೂ ಒಂದೇ ಯಂತ್ರದ ಭಾಗಗಳು.

📌 3/6
1806ರಲ್ಲಿ ಈ ಪದ್ಧತಿ ನ್ಯೂಯಾರ್ಕಿಗೂ ಹೋಯ್ತು. ಅಲ್ಲಿನ ಬಡಮಕ್ಕಳ ಶಾಲೆಗಳಲ್ಲೂ ಟಿಕೆಟ್ ಕೊಟ್ಟು ಆಟದ ಸಾಮಾನು ಕೊಡ್ತಿದ್ದರು. ಆದರೆ 1830ರ ದಶಕದಲ್ಲಿ ಶಾಲೆ ನಡೆಸೋರೇ ಅದನ್ನ ನಿಲ್ಲಿಸಿದರು. ಬಹುಮಾನದ ಪದ್ಧತಿ ಮಕ್ಕಳಲ್ಲಿ ಲಾಭದ ಬುದ್ಧಿ ಬೆಳೆಸ್ತಿದೆ, ಜಗಳ ತರ್ತಿದೆ ಅಂತ ಅವರಿಗೆ ಅನ್ನಿಸಿತ್ತು.

ಅದು ಅನುಭವದ ಮಾತು. ಬಹುಮಾನದಿಂದಲೇ ಹಾಗಾಯ್ತು ಅಂತ ಹೇಳೋಕೆ ಹೋಲಿಸಿ ನೋಡಬೇಕು. ಬಹುಮಾನ ಸಿಕ್ಕವರು, ಸಿಗದವರು ಇಬ್ಬರನ್ನೂ ಪಕ್ಕಪಕ್ಕದಲ್ಲಿಟ್ಟು, ಬಹುಮಾನ ನಿಂತ ಮೇಲೆ ಏನು ಮಾಡ್ತಾರೆ ಅಂತ ಗಮನಿಸಬೇಕು. 1970ರ ದಶಕದಲ್ಲಿ ಮನಶ್ಶಾಸ್ತ್ರಜ್ಞರು ಅದನ್ನ ಮಾಡಿದರು.

📌 4/6
1973ರಲ್ಲಿ ಪ್ರಕಟವಾದ ಪ್ರಯೋಗ ಇದು. ಮಾಡಿದವರು ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್. ಜಾಗ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನರ್ಸರಿ ಶಾಲೆ. ಸ್ಕೆಚ್ ಪೆನ್ನಲ್ಲಿ ಚಿತ್ರ ಬಿಡಿಸೋಕೆ ತಾವಾಗೇ ಇಷ್ಟಪಡ್ತಿದ್ದ ಮಕ್ಕಳನ್ನಷ್ಟೇ ಆರಿಸಿಕೊಂಡರು. ಇದು ಮುಖ್ಯ, ನೆನಪಿಟ್ಕೊಳ್ಳಿ.

ಒಟ್ಟು 51 ಮಕ್ಕಳು, ಮೂರು ಗುಂಪು. ಮೊದಲ ಗುಂಪಿಗೆ "ಚಿತ್ರ ಬಿಡಿಸಿದರೆ ಬಂಗಾರದ ನಕ್ಷತ್ರ, ಕೆಂಪು ರಿಬ್ಬನ್ ಇರೋ ಸರ್ಟಿಫಿಕೇಟ್ ಕೊಡ್ತೀವಿ" ಅಂತ ಮೊದಲೇ ಹೇಳಿದರು. ಎರಡನೇ ಗುಂಪಿಗೆ ಏನೂ ಹೇಳದೆ, ಬಿಡಿಸಿದ ಮೇಲೆ ಅದೇ ಸರ್ಟಿಫಿಕೇಟ್ ಕೊಟ್ಟರು. ಮೂರನೇ ಗುಂಪಿಗೆ ಏನೂ ಇಲ್ಲ.

ಒಂದೆರಡು ವಾರ ಬಿಟ್ಟು ತರಗತಿಯ ಮೇಜಿನ ಮೇಲೆ ಸ್ಕೆಚ್ ಪೆನ್ ಇಟ್ಟರು. ಈ ಸಲ ಬಹುಮಾನದ ಮಾತೇ ಇಲ್ಲ. ಬೇಕಾದವರು ಬಿಡಿಸಬಹುದು, ಬೇಡದವರು ಬೇರೆ ಆಟ ಆಡಬಹುದು. ಕನ್ನಡಿಯ ಹಿಂದೆ ಕೂತವರು ಯಾರು ಎಷ್ಟು ಹೊತ್ತು ಬಿಡಿಸಿದರು ಅಂತ ಬರೆದುಕೊಂಡರು. ಬಹುಮಾನ ಇಲ್ಲದ ಗುಂಪು ತನ್ನ ಬಿಡುವಿನ ಸುಮಾರು 17% ಹೊತ್ತು ಬಿಡಿಸಿತು. ಅಚಾನಕ್ ಬಹುಮಾನ ಸಿಕ್ಕವರು ಸುಮಾರು 18%. ಮೊದಲೇ ಮಾತು ಕೊಟ್ಟ ಗುಂಪು? ಸುಮಾರು 9% ಅಷ್ಟೇ. ಹೆಚ್ಚುಕಡಿಮೆ ಅರ್ಧ!

ಸರ್ಟಿಫಿಕೇಟು ಎರಡು ಗುಂಪಿಗೂ ಒಂದೇ. ಹಾಗಾಗಿ ಆಸೆ ಕರಗಿಸಿದ್ದು ಆ ಕಾಗದ ಅಲ್ಲ, "ಇದು ಮಾಡಿದ್ರೆ ಅದು" ಅನ್ನೋ ಒಪ್ಪಂದ.

📌 5/6
ಯಾಕೆ ಹೀಗೆ? ಮಗು ತಾನು ಮಾಡಿದ್ದಕ್ಕೆ ತಾನೇ ಕಾರಣ ಹುಡುಕುತ್ತೆ. ಮುಂಚೆ "ಚಿತ್ರ ಬಿಡಿಸೋದು ಮಜಾ" ಅನ್ನೋ ಒಂದು ಕಾರಣ ಇತ್ತು. ಒಪ್ಪಂದ ಆದ ಮೇಲೆ "ರಿಬ್ಬನ್ನಿಗೋಸ್ಕರ ಬಿಡಿಸಿದೆ" ಅನ್ನೋ ಎರಡನೇ ಕಾರಣ ಬಂತು. ಅದು ಕಣ್ಣಿಗೆ ಕಾಣೋ ಕಾರಣ, ಮೊದಲನೆಯದನ್ನ ಮುಚ್ಚಿಬಿಡುತ್ತೆ. ರಿಬ್ಬನ್ ಹೋದರೆ ಕೆಲಸವೂ ಹೋಯ್ತು.

ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಇದನ್ನ ಇನ್ನೊಂದು ರೀತಿ ವಿವರಿಸ್ತಾರೆ. ಒಂದೇ ಬ್ಯಾಡ್ಜ್ ಎರಡು ಕೆಲಸ ಮಾಡಬಹುದು: ನಿಮಗೆ ಏನು ಬಂತು ಅನ್ನೋ ಸುದ್ದಿ ಕೊಡಬಹುದು, ಇಲ್ಲಾ ಮೂಗುದಾರ ಹಾಕಿ ಎಳೀಬಹುದು. "ಭಿನ್ನರಾಶಿ ಕೂಡಿಸೋದು ನಿಮಗೆ ಬಂತು, ಛೇದ ಬೇರೆ ಬೇರೆ ಇದ್ದಾಗ ಮಾತ್ರ ತಪ್ಪುತ್ತೆ" ಅನ್ನೋದು ಸುದ್ದಿ. "ರಾತ್ರಿ 12ರೊಳಗೆ ಬರದಿದ್ರೆ 40 ದಿನದ ಸ್ಟ್ರೀಕ್ ಹೋಯ್ತು" ಅನ್ನೋದು ಮೂಗುದಾರ. ಮೊದಲನೆಯದು ಆಸೆ ಉಳಿಸುತ್ತೆ. ಎರಡನೆಯದು ಕಲಿಕೆ ಬಿಟ್ಟು ಸ್ಟ್ರೀಕ್ ಕಾಯೋದನ್ನ ಕಲಿಸುತ್ತೆ.

ಹಾಗಂತ ಬಹುಮಾನ ಎಲ್ಲಾ ಕಡೆ ಕೆಟ್ಟದ್ದು ಅಂತ ಓಡಬೇಡಿ. ಸ್ಟ್ಯಾನ್‌ಫರ್ಡಿನ ಮಕ್ಕಳಿಗೆ ಚಿತ್ರ ಮೊದಲೇ ಇಷ್ಟ ಇತ್ತು. ಮೊದಲಿಂದಲೇ ಬೋರ್ ಅನ್ನಿಸೋ ಕೆಲಸದಲ್ಲಿ ಕಳ್ಕೊಳ್ಳೋಕೆ ಆಸೆಯೇ ಇರಲ್ಲ. ಅಲ್ಲಿ ಪಾಯಿಂಟ್ಸ್ ಶುರು ಮಾಡಿಸೋಕೆ ನೆರವಾಗಬಹುದು. ಈ ಪರಿಣಾಮ ಎಷ್ಟು ದೊಡ್ಡದು ಅನ್ನೋದರ ಬಗ್ಗೆ 1990ರ ದಶಕದಲ್ಲಿ ಸಂಶೋಧಕರ ಮಧ್ಯೆ ಜೋರು ಜಗಳಾನೇ ನಡೀತು.

📌 6/6
ನಿಮ್ಮದು ಯಾವ ಥರ ಅಂತ ತಿಳಿಯೋದು ಹೇಗೆ? ಕನ್ನಡಿಯ ಹಿಂದೆ ಕೂತವರು ಮಾಡಿದ್ದನ್ನೇ ನೀವೂ ಮಾಡಿ. ಬಹುಮಾನ ಇದ್ದಾಗ ಎಷ್ಟು ಓದ್ತೀರಿ ಅಂತ ಅಳೀಬೇಡಿ, ಇಲ್ಲದಾಗ ಅಳೀರಿ. ಒಂದು ವಾರ ನೋಟಿಫಿಕೇಶನ್ ಆಫ್ ಮಾಡಿ, ಸ್ಟ್ರೀಕ್ ಮುರಿಯೋಕೆ ಬಿಡಿ, ಆ ಪಾಠಕ್ಕೆ ತಾವಾಗೇ ಎಷ್ಟು ಸಲ ಹೋದಿರಿ ಅಂತ ಬರೆದಿಡಿ.

ಇನ್ನೊಂದು ಗುರುತಿದೆ: ಪಾಯಿಂಟ್ ಜಾಸ್ತಿ ಬರುತ್ತೆ ಅಂತ ಈಗಾಗಲೇ ಗೊತ್ತಿರೋ ಸುಲಭದ ಪಾಠವನ್ನೇ ಮತ್ತೆ ಮತ್ತೆ ಮಾಡ್ತಿದ್ದೀರಾ? ಹಾಗಿದ್ರೆ ನೀವು ಕೂಡಿಸ್ತಿರೋದು ಟಿಕೆಟ್ಟು. ವ್ಯತ್ಯಾಸ ಏನಂದ್ರೆ, ಬರೋ ರೋಡ್‌ನ ಹುಡುಗನಿಗೆ ಕೊನೆಗೆ ಗಾಳಿಪಟನಾದ್ರೂ ಸಿಗ್ತಿತ್ತು 🪁

ವಾರದ ಲೆಕ್ಕ ಏನು ಬಂತು ಅಂತ ಕಮೆಂಟ್‌ನಲ್ಲಿ ಹೇಳಿ 👇

#ಕಲಿಕೆಯ_ಇತಿಹಾಸ #ಬ್ಯಾಡ್ಜ್_ಕಥೆ #ಕನ್ನಡದಲ್ಲಿ_ಇತಿಹಾಸ