ಒತ್ತಿದರೂ ‘ಆಯ್ಕೆ ಮಾಡಿಲ್ಲ’ ಅನ್ನುವುದೇಕೆ? ಫೋನ್ ಕೀಪ್ಯಾಡ್‌ನ ಟೋನ್ ಸಂಗತಿ

ಅಬುಧಾಬಿಯ ಮುಸಫಾದಲ್ಲಿ ಡ್ಯೂಟಿ ಮುಗಿಸಿ ರೂಮಿಗೆ ಬಂದಾಗ ಪರ್ಸ್ ಇಲ್ಲ ಅಂತ ಗೊತ್ತಾಗುತ್ತೆ ಅಂದುಕೊಳ್ಳಿ. ಅದರಲ್ಲಿ ಊರಿನ ಬ್ಯಾಂಕಿನ ಡೆಬಿಟ್ ಕಾರ್ಡ್ ಇತ್ತು. ಗಾಬರಿಯಲ್ಲಿ ಇಂಟರ್ನೆಟ್ ಕಾಲಿಂಗ್ ಆ್ಯಪ್‌ನಿಂದ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ, ಕಾರ್ಡ್ ಬ್ಲಾಕ್ ಮಾಡಲು 4 ಒತ್ತಿ ಅನ್ನುತ್ತೆ. ಒತ್ತಿದರೆ ಉತ್ತರ: “ಕ್ಷಮಿಸಿ, ನೀವು ಯಾವುದೇ ಆಯ್ಕೆ ಮಾಡಿಲ್ಲ.” ಮೂರು ಸಲ ಹೀಗಾದ ಮೇಲೆ ಲೈನ್ ಕಟ್. ಸ್ಕ್ರೀನ್ ಮೇಲೆ ಮಾತ್ರ 4, 4, 4 ಅಂತ ಸಾಲಾಗಿ ಬಿದ್ದಿರುತ್ತೆ.

ಸ್ಕ್ರೀನ್ ಮೇಲೆ ಅಂಕಿ ಬಂತು ಅಂದಮಾತ್ರಕ್ಕೆ ಅದು ಆ ಕಡೆ ತಲುಪಿತು ಅಂತಲ್ಲ. ಆ ಕಡೆಯ ಯಂತ್ರಕ್ಕೆ ಅಂಕಿ ಕಾಣಿಸುವುದಿಲ್ಲ, ಕೇಳಿಸುತ್ತದೆ. ಪ್ರತಿ ಅಂಕಿಗೂ ಒಟ್ಟಿಗೆ ಹೊರಡುವ ಎರಡು ಸ್ವರಗಳಿವೆ. ಕೀಪ್ಯಾಡಿನ ಒಂದೊಂದು ಸಾಲಿಗೂ ಒಂದು ತಗ್ಗಿನ ಸ್ವರ, ಒಂದೊಂದು ಕಂಬಸಾಲಿಗೂ ಒಂದು ಎತ್ತರದ ಸ್ವರ. 4 ಇರುವುದು ಎರಡನೇ ಸಾಲಿನ ಮೊದಲ ಕಂಬದಲ್ಲಿ, ಹಾಗಾಗಿ ಅದು 770 ಮತ್ತು 1209 ಹರ್ಟ್ಸ್ ಸ್ವರಗಳ ಜೋಡಿ. ಪಕ್ಕದ 5ಕ್ಕೆ 770 ಮತ್ತು 1336. ಮಾತಿನ ನಡುವೆ ಮನುಷ್ಯನ ದನಿ ಒಂದು ಸ್ವರವನ್ನು ತಪ್ಪಿ ಹೋಲಬಹುದು, ಸರಿಯಾದ ಜೋಡಿಯನ್ನು ಹೋಲುವುದು ಅಪರೂಪ. ಎರಡು ಸ್ವರ ಇಟ್ಟದ್ದು ಅದಕ್ಕೇ. ಅಮೆರಿಕದ ಬೆಲ್ ಕಂಪನಿ 1963ರಲ್ಲಿ ಈ ಪದ್ಧತಿಯ ಫೋನ್‌ಗಳನ್ನು ಗ್ರಾಹಕರಿಗೆ ಕೊಡಲು ಶುರುಮಾಡಿತು. ಇವತ್ತಿಗೂ ಅವೇ ಸ್ವರಗಳು.

ಹಳೇ ತಾಮ್ರದ ತಂತಿಯಲ್ಲಿ ತೊಂದರೆ ಇರಲಿಲ್ಲ, ಹೊರಟ ಸ್ವರ ಹಾಗೇ ತಲುಪುತ್ತಿತ್ತು. ಈಗ ಕರೆ ಡೇಟಾ ಆಗಿ ಹೋಗುತ್ತೆ, ಡೇಟಾ ಉಳಿಸಲು ದನಿಯನ್ನು ಹಿಂಡಿ ಸಣ್ಣದು ಮಾಡುತ್ತಾರೆ. ಒಂದು ಕರೆಗೆ ಸೆಕೆಂಡಿಗೆ 64 ಕಿಲೋಬಿಟ್ ಬೇಕಿದ್ದಲ್ಲಿ ಜಿ.729 ಎಂಬ ವಿಧಾನ 8ರಲ್ಲೇ ಮುಗಿಸುತ್ತೆ. ಅದನ್ನು ಕಟ್ಟಿರುವುದು ಮನುಷ್ಯರ ಮಾತಿಗೆ. ಮಾತು ಚೆನ್ನಾಗೇ ಕೇಳುತ್ತೆ, ಟೋನ್ ಮಾತ್ರ ಸೊಟ್ಟಗಾಗುತ್ತೆ. “ದನಿ ಕ್ಲಿಯರ್ ಇದೆ, ನಂಬರ್ ಮಾತ್ರ ಹೋಗ್ತಿಲ್ಲ” ಎಂಬ ದೂರು ಹುಟ್ಟುವುದು ಇಲ್ಲೇ.

ಅದಕ್ಕಾಗಿ ಸ್ವರದ ಬದಲು ‘4 ಒತ್ತಲಾಗಿದೆ, ಇಷ್ಟು ಹೊತ್ತು’ ಎಂಬ ಚೀಟಿಯನ್ನು ಬೇರೆಯಾಗಿ ಕಳಿಸುವ ಪದ್ಧತಿ ಬಂತು. ಇಂಟರ್ನೆಟ್ ಕರೆಗಳಲ್ಲಿ ಇದರ ನಿಯಮಕ್ಕೆ RFC 4733 ಎಂದು ಹೆಸರು. ದಾರಿಯಲ್ಲಿ ಒಂದು ಕಳೆದರೂ ಇರಲಿ ಅಂತ ಕೊನೆಯ ಚೀಟಿಯನ್ನು ಮೂರು ಸಲ ಕಳಿಸಲಾಗುತ್ತದೆ. ಸಾಮಾನ್ಯ ಮೊಬೈಲ್ ಕರೆಯಲ್ಲೂ ಫೋನ್ ಮೈಕ್‌ನಿಂದ ಸ್ವರ ಊದುವುದಿಲ್ಲ, ನೆಟ್‌ವರ್ಕ್‌ಗೆ ಸಂದೇಶ ಕೊಡುತ್ತೆ. ಆದ್ದರಿಂದ ಸೆಟ್ಟಿಂಗ್ಸ್‌ನಲ್ಲಿ ಕೀಪ್ಯಾಡ್ ಸೌಂಡ್ ಆಫ್ ಇದ್ದರೂ ನಂಬರ್ ಹೋಗುತ್ತೆ, ಆನ್ ಮಾಡಿದರೆ ರಿಪೇರಿ ಆಗುವುದೂ ಇಲ್ಲ. ಆ ಬೀಪ್ ನಿಮ್ಮ ಕಿವಿಗಷ್ಟೇ.

ಯುಎಇಯಿಂದ ಊರಿಗೆ ಹೋಗುವ ಕರೆ ಹಲವು ಕಂಪನಿಗಳ ಕೈ ದಾಟಿ ಹೋಗಬಹುದು. ಎಲ್ಲೋ ಒಂದು ಕಡೆ ಚೀಟಿಯನ್ನು ಮುಂದಕ್ಕೆ ಕೊಡದಿದ್ದರೆ 4 ಅಲ್ಲೇ ಸತ್ತುಹೋಗುತ್ತೆ. ಇದರ ತಿರುಗುಮುರುಗೂ ಇದೆ: ಚೀಟಿಯೂ ಹೋಗಿ ಸ್ವರವೂ ಸೋರಿದರೆ ಒಂದು 4 ಎರಡಾಗಿ ಕೇಳಿಸುತ್ತೆ. ಮೆನು ದಾಟಿದರೂ 16 ಅಂಕಿಯ ಕಾರ್ಡ್ ನಂಬರ್ ಹಾಕಿದಾಗ ‘ತಪ್ಪು ಸಂಖ್ಯೆ’ ಬಂದರೆ ಇದನ್ನೂ ಶಂಕಿಸಬಹುದು. ಅವಸರದಲ್ಲಿ ಒತ್ತಿದರೂ ಹೀಗೇ, ಎರಡು ಅಂಕಿ ನಡುವೆ ಸಣ್ಣ ಬಿಡುವು ಇಲ್ಲದಿದ್ದರೆ ಯಂತ್ರ ಒಂದನ್ನು ನುಂಗಿಬಿಡುತ್ತೆ.

ತಪ್ಪು ಎಲ್ಲಿದೆ ಅಂತ ನೋಡಲು ಅದೇ ಆ್ಯಪ್‌ನಿಂದ ಊರಲ್ಲಿ ಯಾರದಾದರೂ ಲ್ಯಾಂಡ್‌ಲೈನ್‌ಗೆ ಫೋನ್ ಮಾಡಿ, ಅಂಕಿಗಳನ್ನು ಒಂದೊಂದಾಗಿ ಅರ್ಧ ಸೆಕೆಂಡ್ ಒತ್ತಿ. ಆ ಕಡೆಯವರಿಗೆ ಪ್ರತಿ ಸಲ ಒಂದೊಂದೇ ಸ್ವಚ್ಛ ‘ಪೀಂ’ ಕೇಳಿದರೆ ಆ ದಾರಿ ಸರಿ ಇರುವ ಸಂಭವ ಹೆಚ್ಚು. ಏನೂ ಕೇಳದಿದ್ದರೆ, ಕರಕರ ಅಂದರೆ ಅಥವಾ ಎರಡೆರಡು ಬಂದರೆ ದಾರಿಯದ್ದೇ ತೊಂದರೆ. ಮೊಬೈಲ್‌ಗೆ ಮಾಡಿ ನೋಡಿದರೆ ಈ ಪರೀಕ್ಷೆ ಅಷ್ಟು ನಂಬುವಂಥದ್ದಲ್ಲ, ಕೆಲವು ಮೊಬೈಲ್‌ಗಳು ಬಂದ ಚೀಟಿಯನ್ನು ಸದ್ದಾಗಿ ನುಡಿಸುವುದಿಲ್ಲ.

ಮುಸಫಾದ ಆ ಕರೆಗೆ ಮರಳಿದರೆ, ಮೊದಲು ಮಾಡಬೇಕಾದದ್ದು ಆ್ಯಪ್ ಬಿಟ್ಟು ಸಿಮ್‌ನಿಂದ ನೇರವಾಗಿ +91 ಹಾಕಿ ಕರೆ ಮಾಡುವುದು. ಮಿನಿಟ್‌ಗೆ ನಾಲ್ಕು ಕಾಸು ಹೆಚ್ಚಾದರೂ ದಾರಿ ಬದಲಾಗುತ್ತೆ. 1800ರ ಉಚಿತ ನಂಬರ್ ಹೊರದೇಶದಿಂದ ಸಾಮಾನ್ಯವಾಗಿ ಸಿಗದು, ವಿದೇಶದಿಂದ ಮಾಡುವ ಬೇರೆ ನಂಬರ್ ಅನೇಕ ಬ್ಯಾಂಕ್‌ಗಳು ಕಾರ್ಡಿನ ಹಿಂದೆಯೇ ಬರೆದಿರುತ್ತವೆ. ಕಾರ್ಡೇ ಕಳೆದಾಗ ಅದು ಸಿಗುವುದೆಲ್ಲಿ, ಈಗಲೇ ಫೋನ್‌ನಲ್ಲಿ ಸೇವ್ ಮಾಡಿಡಿ. ಸೂಚನೆ ಪೂರ್ತಿ ಕೇಳಿಯೇ ಒತ್ತಿ, ಮಧ್ಯೆ ಒತ್ತಿದ್ದನ್ನು ಕೆಲವು ಮೆನುಗಳು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದೂ ಆಗದಿದ್ದರೆ ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡ್ ಬ್ಲಾಕ್ ಮಾಡುವ ಸೌಲಭ್ಯ ಇದೆಯೇ ನೋಡಿ, ಅಲ್ಲಿ ಟೋನ್‌ನ ರಗಳೆಯೇ ಇಲ್ಲ.

ಆಫೀಸಿನ ಹಳೇ ಟೇಬಲ್ ಫೋನ್ ಆದರೆ ಅದರ ಅಡಿಯಲ್ಲಿ ಟಿ ಮತ್ತು ಪಿ ಎಂದು ಸ್ವಿಚ್ ಇದೆಯೇ ನೋಡಿ. ಪಿಯಲ್ಲಿದ್ದರೆ ಕರೆ ಹೋಗುತ್ತೆ, ಟೋನ್ ಹೊರಡುವುದೇ ಇಲ್ಲ. ಟಿಗೆ ತಿರುಗಿಸಿದರೆ ಸಾಕು.

ಇನ್ನೊಂದು ಎಚ್ಚರ. ಟೋನ್ ಗುಟ್ಟಿನ ಭಾಷೆಯಲ್ಲ, ರೆಕಾರ್ಡ್ ಆದ ಸದ್ದಿನಿಂದ ಯಾವ ಅಂಕಿ ಒತ್ತಿದ್ದು ಅಂತ ಸುಲಭವಾಗಿ ಬಿಡಿಸಬಹುದು. ನೀವಾಗಿ ಮಾಡದ, ನಿಮಗೆ ಬಂದ ಕರೆಯಲ್ಲಿ “ಪಿನ್ ಒತ್ತಿ, ಓಟಿಪಿ ಒತ್ತಿ” ಅಂದರೆ ಬಾಯಲ್ಲಿ ಹೇಳಿದ್ದಕ್ಕೂ ಕೀಲಿ ಒತ್ತಿದ್ದಕ್ಕೂ ವ್ಯತ್ಯಾಸವಿಲ್ಲ. ಕರೆ ಕಟ್ ಮಾಡಿ, ಸೇವ್ ಮಾಡಿಟ್ಟ ನಂಬರಿಗೆ ನೀವೇ ಫೋನ್ ಮಾಡಿ.