ತಾಳೆ ನೋಡುವ ವಿದ್ಯೆ: ಛಂದಸ್ಸು–ಅಲಂಕಾರಗಳ ಶಾಲಾ ಪ್ರಶ್ನೆ ಮತ್ತು ಅದರ ಉತ್ತರಸೂಚಿ

ಮುಲುಂಡ್ ಪೂರ್ವದಲ್ಲಿ ಕನ್ನಡಿಗರು ಕಟ್ಟಿದ ವಿದ್ಯಾ ಪ್ರಸಾರಕ ಮಂಡಳವಿದೆ. ಮುಂಬಯಿಯ ಇಂಥ ಸಂಸ್ಥೆಗಳಲ್ಲಿ ಕನ್ನಡ ಓದಿದ ಮಕ್ಕಳು ಹತ್ತನೆಯ ತರಗತಿಯಲ್ಲಿ ಬರೆಯುವುದು ಮಹಾರಾಷ್ಟ್ರ ಮಂಡಳಿಯ ಪರೀಕ್ಷೆ. ಅವರ ಪಠ್ಯಪುಸ್ತಕ ಸಿದ್ಧವಾಗುವುದು 1967ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಬಾಲಭಾರತಿಯಲ್ಲಿ. ಬೆಂಗಳೂರಿನ ಪಠ್ಯಕ್ರಮಕ್ಕೂ ಇವರಿಗೂ ನೇರ ಸಂಬಂಧವಿಲ್ಲ. ಆದರೆ ಛಂದಸ್ಸು, ಅಲಂಕಾರಗಳ ಪ್ರಶ್ನೆ ಎಲ್ಲಿ ಕೇಳಿದರೂ ಒಂದೇ ಅಚ್ಚಿನದು. ಎರಡೋ ಮೂರೋ ಸಾಲು ಕೊಟ್ಟು, ಪ್ರಸ್ತಾರ ಹಾಕಿ ಛಂದಸ್ಸಿನ ಹೆಸರು ಬರೆಯಿರಿ ಎನ್ನುತ್ತಾರೆ. ಒಂದು ವಾಕ್ಯ ಕೊಟ್ಟು ಅಲಂಕಾರ ಗುರುತಿಸಿ ಸಮನ್ವಯಿಸಿ ಎನ್ನುತ್ತಾರೆ. ಉತ್ತರಸೂಚಿಯಲ್ಲಿ ಇರುವುದು ಒಂದು ಹೆಸರು. ಈ ಹೆಸರು ಸರಿಯೆಂದು ವಿದ್ಯಾರ್ಥಿ ತಾನಾಗಿ ಹೇಗೆ ಖಚಿತಪಡಿಸಿಕೊಳ್ಳಬೇಕು ಎಂಬುದು ಅಲ್ಲಿಲ್ಲ. ನಮ್ಮ ಛಂದಶ್ಶಾಸ್ತ್ರದಲ್ಲಿ ಈ ತಾಳೆ ನೋಡುವ ಕ್ರಮ ಮೊದಲಿನಿಂದಲೂ ಇತ್ತು. ಶಾಲೆಯ ಪ್ರಶ್ನೆ ಶಾಸ್ತ್ರದ ಹೆಸರುಗಳನ್ನು ಉಳಿಸಿಕೊಂಡು ತಾಳೆಯನ್ನು ಬಿಟ್ಟುಬಿಟ್ಟಿತು ಎಂಬುದು ಈ ಲೇಖನದ ವಾದ.

ಹತ್ತನೆಯ ಶತಮಾನದ ಕೊನೆಯಲ್ಲಿ ನಾಗವರ್ಮ ಬರೆದ ‘ಛಂದೋಂಬುಧಿ’ಯನ್ನು ಕಿಟ್ಟೆಲ್ ಸಂಪಾದಿಸಿದ್ದು, ಅದು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣವಾಗಿ ಹೊರಬಂದದ್ದು 1875ರಲ್ಲಿ. ಆ ಗ್ರಂಥ ವೃತ್ತ, ಜಾತಿಗಳ ಲಕ್ಷಣ ಹೇಳಿ ಮುಗಿಸುವುದಿಲ್ಲ. ಷಟ್ಪ್ರತ್ಯಯಗಳಿಗೂ ಅಲ್ಲಿ ಜಾಗವಿದೆ. ಇಂದು ನಾವು ಪ್ರಸ್ತಾರ ಎಂದು ಕರೆಯುವುದು ಕೊಟ್ಟ ಸಾಲಿಗೆ ಗುರು-ಲಘು ಗುರುತು ಹಾಕುವುದನ್ನು. ಶಾಸ್ತ್ರದಲ್ಲಿ ಪ್ರಸ್ತಾರವೆಂದರೆ ಇಷ್ಟು ಅಕ್ಷರಗಳಿಂದ ಆಗಬಹುದಾದ ಎಲ್ಲ ವಿನ್ಯಾಸಗಳನ್ನೂ ಕ್ರಮವಾಗಿ ಹರಡುವುದು. ಮೂರು ಅಕ್ಷರಕ್ಕೆ ಎಂಟು ವಿನ್ಯಾಸಗಳು: ಮ, ಯ, ರ, ಸ, ತ, ಜ, ಭ, ನ. ಈಗ ಪ್ರಶ್ನೆ: ಆರನೆಯದು ಯಾವುದು? ಇದಕ್ಕೆ ನಷ್ಟವೆಂದು ಹೆಸರು. ಆರು ಸಮಸಂಖ್ಯೆ, ಆದ್ದರಿಂದ ಮೊದಲು ಲಘು; ಅರ್ಧ ಮಾಡಿದರೆ ಮೂರು. ಮೂರು ಬೆಸ, ಆದ್ದರಿಂದ ಗುರು. ಒಂದು ಸೇರಿಸಿ ಅರ್ಧ ಮಾಡಿದರೆ ಎರಡು. ಎರಡು ಸಮ, ಮತ್ತೆ ಲಘು. ಲಘು-ಗುರು-ಲಘು, ಅಂದರೆ ಜಗಣ. ಈ ಉತ್ತರ ಸರಿಯೇ ಎಂದು ನೋಡಲು ಉದ್ದಿಷ್ಟವಿದೆ. ಮೂರು ಅಕ್ಷರಗಳ ಕೆಳಗೆ 1, 2, 4 ಎಂದು ಬರೆದು, ಲಘುಗಳ ಕೆಳಗಿನ ಸಂಖ್ಯೆಗಳನ್ನು ಕೂಡಿ ಒಂದು ಸೇರಿಸಬೇಕು. ಒಂದು, ನಾಲ್ಕು ಸೇರಿ ಐದು, ಮೇಲೊಂದು ಆರು. ಹೊರಟಲ್ಲಿಗೇ ಮರಳಿದೆವು. ಗುರುವಿನ ಮುಖ ನೋಡದೆ, ಉತ್ತರಸೂಚಿ ತೆರೆಯದೆ ವಿದ್ಯಾರ್ಥಿಗೆ ತನ್ನ ಉತ್ತರ ಸರಿಯೆಂದು ಗೊತ್ತಾಗುತ್ತದೆ.

ಇದು ಬರಿಯ ಲೆಕ್ಕ, ಕಾವ್ಯಕ್ಕೂ ಇದಕ್ಕೂ ಏನು ಸಂಬಂಧ ಎಂಬ ಆಕ್ಷೇಪ ಸಹಜ. ಅದರಲ್ಲೂ ಶಾಲೆಯಲ್ಲಿ ಹೆಚ್ಚು ಕೇಳುವುದು ಷಟ್ಪದಿಯನ್ನು. ಅದು ಮಾತ್ರಾಗಣದ್ದು, ಅಕ್ಷರಗಣದ ವಿಧಿ ಅಲ್ಲಿ ನಡೆಯದು ಎನ್ನಬಹುದು. ನಷ್ಟ, ಉದ್ದಿಷ್ಟಗಳನ್ನು ಹತ್ತನೆಯ ತರಗತಿಗೆ ತರಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಪ್ರಸ್ತಾರದ ಮೂಲ ಅರ್ಥವನ್ನು ಮಾತ್ರಾಗಣಕ್ಕೆ ಹಚ್ಚಿದರೆ ತಾಳೆಯ ಒಂದು ಸಲಕರಣೆ ತಾನೇ ಸಿಗುತ್ತದೆ. ಮೂರು ಮಾತ್ರೆಯ ಗಣಕ್ಕೆ ಮೂರೇ ವಿನ್ಯಾಸ: ಗುರು-ಲಘು, ಲಘು-ಗುರು, ಮೂರು ಲಘು. ನಾಲ್ಕು ಮಾತ್ರೆಗೆ ಐದು: ಎರಡು ಗುರು, ಲಘು-ಲಘು-ಗುರು, ಲಘು-ಗುರು-ಲಘು, ಗುರು-ಲಘು-ಲಘು, ನಾಲ್ಕು ಲಘು. ಷಟ್ಪದಿಯಲ್ಲಿ ಯಾವ ಗಣವೂ ಲಘುವಿನ ಬೆನ್ನಿಗೆ ಗುರು ಇಟ್ಟುಕೊಂಡು ಆರಂಭವಾಗಬಾರದು. ಆದ್ದರಿಂದ ಎರಡು ಗುಂಪಿನಿಂದಲೂ ಒಂದೊಂದು ಹೊರಬೀಳುತ್ತದೆ. ಭಾಮಿನಿಯ ಪೂರ್ಣಗಣ ಎಂಬುದು ಉಳಿದ ಆರು ರೂಪಗಳಲ್ಲಿ ಒಂದಾಗಿರಲೇಬೇಕು. ಏಳನೆಯದು ಕಂಡರೆ ಎಲ್ಲೋ ತಪ್ಪಿದೆ.

ಈ ಲೇಖನಕ್ಕಾಗಿಯೇ ಕಟ್ಟಿದ, ಕಾವ್ಯಗುಣದ ಹಕ್ಕು ಸಾಧಿಸದ ಒಂದು ಅರೆಪದ್ಯವನ್ನು ಪ್ರಶ್ನೆಯಾಗಿ ಇಟ್ಟುಕೊಳ್ಳೋಣ:

ಸಂಜೆ ರೈಲು ಮುಲುಂಡ ತಲುಪಲು
ಮಂಜಿನಂತೆಯೆ ಜನರು ಚದುರಿರೆ
ಪಂಜಿನಂದದಿ ಬೀದಿದೀಪಗಳುರಿದು ಸಾಲಿನಲಿ

ಸಾಮಾನ್ಯ ಉತ್ತರಸೂಚಿ ಇದಕ್ಕೆ ‘ಭಾಮಿನಿ ಷಟ್ಪದಿ’ ಎಂದು ಬರೆದು ಮುಗಿಸುತ್ತದೆ. ಆ ಹೆಸರನ್ನು ಗಳಿಸಲು ಗಣ ವಿಭಾಗವೇ ಬೇಕಿಲ್ಲ ಎಂಬುದು ಇಲ್ಲಿನ ತೊಡಕು. ಶರ, ಕುಸುಮ, ಭೋಗ, ಭಾಮಿನಿ, ಪರಿವರ್ಧಿನಿ, ವಾರ್ಧಕಗಳ ಮೊದಲ ಸಾಲಿನ ಮಾತ್ರೆ ಕ್ರಮವಾಗಿ 8, 10, 12, 14, 16, 20. ಮೊದಲ ಸಾಲನ್ನು ಎಣಿಸಿ 14 ಬಂದರೆ ಹೆಸರು ಸಿಕ್ಕಿತು. ಉಳಿದದ್ದನ್ನು ಕಣ್ಣಳತೆಯಲ್ಲಿ ಗೆರೆ ಎಳೆದರಾಯಿತು. ಗೆರೆ ಎಲ್ಲಿ ತಪ್ಪುತ್ತದೆ ನೋಡಿ. ಮೊದಲ ಸಾಲನ್ನು ಐದೈದಾಗಿ ಒಡೆದರೆ ‘ಸಂಜೆ ರೈ’, ‘ಲು ಮುಲುಂಡ’, ‘ತಲುಪಲು’, ಅಂದರೆ 5, 5, 4. ಯಾವ ಗುರುವೂ ಸೀಳಿಹೋಗಲಿಲ್ಲ. ಎರಡನೆಯ ಸಾಲೂ ಹಾಗೆಯೇ 5, 5, 4 ಆಗಿ ಸಲೀಸಾಗಿ ಒಡೆಯುತ್ತದೆ. ಮೂರನೆಯ ಸಾಲಿನಲ್ಲೂ ‘ಪಂಜಿನಂ’, ‘ದದಿ ಬೀದಿ’, ‘ದೀಪಗಳು’, ‘ರಿದು ಸಾಲಿ’ ಎಂದು ನಾಲ್ಕು ಐದರ ಗಣಗಳು ನಿಂತು ‘ನಲಿ’ ಉಳಿಯುತ್ತದೆ. ಹೀಗೆ ಗೆರೆ ಎಳೆದು ಕೊನೆಗೆ ಭಾಮಿನಿ ಎಂದು ಬರೆದ ಹುಡುಗನಿಗೆ ಹೆಸರಿನ ಅಂಕ ಬರುತ್ತದೆ, ಆದರೆ ಪದ್ಯದ ನಡೆ ಅವನ ಕಿವಿಗೆ ಬಿದ್ದಿಲ್ಲ. ಮೂರು-ನಾಲ್ಕು, ಮೂರು-ನಾಲ್ಕು ಎಂದು ಜೋರಾಗಿ ಓದಿದಾಗ ‘ಸಂಜೆ | ರೈಲು ಮು | ಲುಂಡ | ತಲುಪಲು’ ಎಂಬ ನಡೆ ಕೇಳುತ್ತದೆ, ಪ್ರತಿ ಗಣವೂ ಆರು ರೂಪಗಳ ಒಳಗೇ ನಿಲ್ಲುತ್ತದೆ.

ಊರಿನ ಹೆಸರು ಹೀಗೆ ಎರಡು ಗಣಕ್ಕೆ ಹಂಚಿಹೋದದ್ದು ಆಕಸ್ಮಿಕವಲ್ಲ. ‘ಮುಲುಂಡ’ ಲಘು-ಗುರು-ಲಘು, ಅದು ಷಟ್ಪದಿಯ ಗಣವನ್ನು ಆರಂಭಿಸಲಾರದು. ‘ಮು’ ಹಿಂದಿನ ಗಣದ ಬಾಲವಾಗಲೇಬೇಕು. ಪದವನ್ನು ಒಡೆಯಬಾರದು ಎಂದು ನಂಬಿದ ವಿದ್ಯಾರ್ಥಿ ಇಲ್ಲಿಯೇ ಎಡವುತ್ತಾನೆ. ಇನ್ನೊಂದು ಎಡವು ಮೂರನೆಯ ಸಾಲಿನ ಕೊನೆಯಲ್ಲಿದೆ. ‘ಪಂಜಿ | ನಂದದಿ | ಬೀದಿ | ದೀಪಗ | ಳುರಿದು | ಸಾಲಿನ | ಲಿ’: ಇದ್ದ ಹಾಗೆ ಎಣಿಸಿದರೆ 22 ಮಾತ್ರೆ, ಲಕ್ಷಣ ಕೇಳುವುದು 23. ಪಾದಾಂತ್ಯದ ಲಘುವನ್ನು ಗುರುವೆಂದು ಎಣಿಸುವ ವಾಡಿಕೆಯಿಂದ ಲೆಕ್ಕ ಕೂಡುತ್ತದೆ. ‘ಲಿ’ಯ ಮೇಲೆ ಲಘುವಿನ ಗುರುತು ಹಾಕಿ, ಪಕ್ಕದಲ್ಲಿ ಪಾದಾಂತ್ಯ ಗುರು ಎಂದು ಬರೆದವನೂ, ನೇರವಾಗಿ ಗುರು ಹಾಕಿದವನೂ ಇಬ್ಬರೂ ಸರಿ. ಸೂಚಿಯಲ್ಲಿ ಇದನ್ನು ಹೇಳದಿದ್ದರೆ ಒಬ್ಬ ಮೌಲ್ಯಮಾಪಕರು ಅಂಕ ಕೊಡುತ್ತಾರೆ, ಇನ್ನೊಬ್ಬರು ಕಳೆಯುತ್ತಾರೆ. ಪ್ರಾಸವನ್ನೂ ಕೇಳುವುದಾದರೆ, ಮೂರೂ ಸಾಲಿನ ಎರಡನೆಯ ಅಕ್ಷರ ಜಕಾರ, ಅದರ ಹಿಂದೆ ಬಿಂದು, ಇದು ವೃಷಭಪ್ರಾಸ. ಮರಾಠಿ ಕವಿತೆಯಲ್ಲಿ ಸಾಲಿನ ಕೊನೆಯ ಯಮಕಕ್ಕೆ ಒಗ್ಗಿದ ಮುಂಬಯಿಯ ಮಕ್ಕಳು ಪ್ರಾಸವನ್ನೂ ಸಾಲಿನ ತುದಿಯಲ್ಲಿ ಹುಡುಕುವುದು ಸಹಜ.

ಮಾತ್ರೆಯ ತಾಳೆಗೂ ಮಿತಿಯಿದೆ. ತ್ರಿಪದಿ, ಸಾಂಗತ್ಯಗಳು ಅಂಶಗಣದವು. ಬ್ರಹ್ಮ, ವಿಷ್ಣು, ರುದ್ರ ಗಣಗಳಿಗೆ ಕ್ರಮವಾಗಿ ಎರಡು, ಮೂರು, ನಾಲ್ಕು ಅಂಶ. ಮೊದಲ ಅಂಶ ಒಂದು ಗುರು ಅಥವಾ ಎರಡು ಲಘು. ನಂತರದ ಪ್ರತಿ ಅಂಶ ಗುರುವೂ ಆಗಬಹುದು, ಒಂದೇ ಲಘುವೂ ಆಗಬಹುದು. ಹೀಗೆ 4, 8, 16 ರೂಪಗಳು ಹುಟ್ಟುತ್ತವೆ. ಒಂದೇ ಬ್ರಹ್ಮಗಣ ಒಮ್ಮೆ ಮೂರು ಮಾತ್ರೆ, ಇನ್ನೊಮ್ಮೆ ನಾಲ್ಕು ಮಾತ್ರೆ. ಇದನ್ನು ಮಾತ್ರೆಯಲ್ಲಿ ಅಳೆದವನಿಗೆ ಕವಿಯೇ ತಪ್ಪಿದಂತೆ ಕಾಣುತ್ತದೆ. ನಾಗವರ್ಮ ಹೇಳುವ ಷಟ್ಪದಿಯೂ ಅಂಶದ್ದೇ. ಮಾತ್ರೆಯ ಷಟ್ಪದಿಗಳು ಆಮೇಲೆ ಬೆಳೆದವು. ಈ ಚರಿತ್ರೆ ತಿಳಿಯದ ಪ್ರಶ್ನೆಪತ್ರಿಕೆ ತ್ರಿಪದಿಯನ್ನು ಕೊಟ್ಟು ಮಾತ್ರೆ ಎಣಿಸಲು ಹೇಳಿದರೆ ಪ್ರಶ್ನೆಯೇ ತಪ್ಪು.

ಅಲಂಕಾರದ ಕಡೆ ತಾಳೆ ಇನ್ನೂ ಸೂಕ್ಷ್ಮ. ‘ಮಂಜಿನಂತೆಯೆ ಜನರು ಚದುರಿರೆ’ ಎಂಬಲ್ಲಿ ಜನರು ಉಪಮೇಯ, ಮಂಜು ಉಪಮಾನ, ಚದುರುವುದು ಸಮಾನಧರ್ಮ, ‘ಅಂತೆ’ ವಾಚಕ. ನಾಲ್ಕೂ ಇರುವ ಪೂರ್ಣೋಪಮೆ. ಆದರೆ ‘ಆಕಾಶವೇ ಇಳಿದು ಬಂದಂತೆ ದೀಪಗಳು ಹೊಳೆದವು’ ಎಂದರೆ? ವಾಚಕ ಅದೇ ‘ಅಂತೆ’. ‘ಅಂತೆ ಕಂಡರೆ ಉಪಮೆ’ ಎಂಬ ಬಾಯಿಪಾಠ ಇಲ್ಲಿ ಕೈಕೊಡುತ್ತದೆ. ಇದು ಉತ್ಪ್ರೇಕ್ಷೆ, ನಡೆಯದ್ದನ್ನು ನಡೆದಂತೆ ಸಂಭಾವಿಸಿದ್ದು. ಮರಾಠಿಯ ಪಾಠದಲ್ಲಿ ಉಪಮೆಗೆ ‘ಸಾರಖಾ’, ಉತ್ಪ್ರೇಕ್ಷೆಗೆ ‘ಜಣೂ’ ಎಂದು ಬೇರೆ ಬೇರೆ ಪದ ಕಲಿತ ಮುಲುಂಡಿನ ವಿದ್ಯಾರ್ಥಿಗೆ ಕನ್ನಡದ ಒಂದೇ ‘ಅಂತೆ’ ಎರಡೂ ಕೆಲಸ ಮಾಡುವುದು ಗೊಂದಲ ತರುತ್ತದೆ. ಆದರೆ ಈ ಗೊಂದಲವನ್ನೇ ಪಾಠವಾಗಿಸಬಹುದು. ವಾಕ್ಯದಲ್ಲಿ ‘ಜಣೂ’ ಹೊಂದುತ್ತದೆಯೋ ‘ಸಾರಖಾ’ ಹೊಂದುತ್ತದೆಯೋ ಎಂದು ಕೇಳಿದರೆ ಸಾಕು, ಉತ್ತರ ಅರ್ಧ ಬಂದಂತೆ.

ಈ ಜಗಳ ಹಳೆಯದು. ದಂಡಿ ‘ಕಾವ್ಯಾದರ್ಶ’ದ ಎರಡನೆಯ ಪರಿಚ್ಛೇದದಲ್ಲಿ, ಕತ್ತಲೆ ಮೈಗೆ ಬಳಿಯುವಂತಿದೆ ಎಂಬರ್ಥದ ಒಂದು ಪದ್ಯವನ್ನು ಹಿಡಿದು, ಅಲ್ಲಿನ ‘ಇವ’ ಉಪಮೆಯದೇ ಉತ್ಪ್ರೇಕ್ಷೆಯದೇ ಎಂದು ವಿಸ್ತಾರವಾಗಿ ಚರ್ಚಿಸುತ್ತಾನೆ. ಕ್ರಿಯಾಪದ ಉಪಮಾನವಾಗಲಾರದು, ಆದ್ದರಿಂದ ಅದು ಉತ್ಪ್ರೇಕ್ಷೆ ಎಂಬುದು ಅವನ ನಿಲುವು. ‘ಕವಿರಾಜಮಾರ್ಗ’ ಅಲಂಕಾರ ವಿಚಾರದಲ್ಲಿ ಬಹುಮಟ್ಟಿಗೆ ದಂಡಿಯ ದಾರಿಯನ್ನೇ ಹಿಡಿದದ್ದರಿಂದ ಈ ಚರ್ಚೆ ಕನ್ನಡದ ಹೊಸ್ತಿಲಿಗೂ ದೂರದ್ದಲ್ಲ. ದಂಡಿಯ ಒರೆಗಲ್ಲು ಕನ್ನಡದಲ್ಲಿ ಬಹಳ ದೂರ ನಡೆಯುತ್ತದೆ: ‘ಅಂತೆ’ ನಾಮಪದಕ್ಕೆ ಹತ್ತಿದರೆ ಸಾಮಾನ್ಯವಾಗಿ ಉಪಮೆ, ಕ್ರಿಯೆಗೆ ಹತ್ತಿದರೆ ಉತ್ಪ್ರೇಕ್ಷೆಯ ಅನುಮಾನ. ಪೂರ್ತಿ ಮಾತ್ರ ನಡೆಯದು. ‘ಮಳೆ ಸುರಿದಂತೆ ಅತ್ತಳು’ ಎಂಬಲ್ಲಿ ‘ಅಂತೆ’ ಕ್ರಿಯೆಗೇ ಹತ್ತಿದೆ, ಆದರೂ ಮಳೆ ಸುರಿಯುವುದು ಲೋಕದಲ್ಲಿ ನಿಜವಾಗಿ ನಡೆಯುವ ಸಂಗತಿ. ಇದನ್ನು ಉಪಮೆ ಎನ್ನುವುದೇ ಮೇಲು. ಹಾಗಾಗಿ ವ್ಯಾಕರಣದ ಒರೆಗೆ ಅರ್ಥದ ಒರೆಯೂ ಸೇರಬೇಕು: ಹೋಲಿಕೆಯ ಇನ್ನೊಂದು ಬದಿ ಇದ್ದದ್ದೋ, ಕಲ್ಪಿಸಿದ್ದೋ?

ಸಾವಿರಾರು ಉತ್ತರಪತ್ರಿಕೆ ತಿದ್ದಬೇಕಾದಾಗ ಒಂದೇ ಉತ್ತರವಿದ್ದರೆ ಮಾತ್ರ ನ್ಯಾಯ, ಇಷ್ಟೆಲ್ಲ ವಿಚಾರಕ್ಕೆ ಸಮಯವೆಲ್ಲಿ ಎಂದು ಮೌಲ್ಯಮಾಪಕರು ಹೇಳಬಹುದು. ಆಕ್ಷೇಪಕ್ಕೆ ತೂಕವಿದೆ. ಆದರೆ ಮೇಲೆ ನೋಡಿದಂತೆ ಹೆಸರಿಗೆ ಮಾತ್ರ ಅಂಕ ಕೊಡುವ ಸೂಚಿಯೇ ಅನ್ಯಾಯ ಮಾಡುತ್ತದೆ. ಐದರ ಗೆರೆ ಎಳೆದವನೂ ಮೂರು-ನಾಲ್ಕು ಕೇಳಿದವನೂ ಅಲ್ಲಿ ಒಂದೇ. ಎರಡು ಅಂಕದ ಪ್ರಶ್ನೆಯಲ್ಲಿ ಒಂದನ್ನು ಗಣವಿಭಾಗಕ್ಕೆ, ಅರ್ಧವನ್ನು ಪಾದಾಂತ್ಯದ ಟಿಪ್ಪಣಿಗೆ, ಅರ್ಧವನ್ನು ಹೆಸರಿಗೆ ಇಟ್ಟರೆ ತಿದ್ದುವ ಕೆಲಸ ಹೆಚ್ಚೇನೂ ಬೆಳೆಯುವುದಿಲ್ಲ. ಅಲಂಕಾರದಲ್ಲಿ ಹೆಸರು ಬೇರೆಯಾದರೂ ಉಪಮೇಯ, ಉಪಮಾನಗಳನ್ನು ಸರಿಯಾಗಿ ಹೊಂದಿಸಿ ಕಾರಣ ಬರೆದವನ ಸಮನ್ವಯದ ಅಂಕವನ್ನು ಕಿತ್ತುಕೊಳ್ಳಬಾರದು. ಪ್ರಶ್ನೆಕೋಶ ತಯಾರಿಸುವ ಕನ್ನಡ ಅಧ್ಯಾಪಕರು ಮುಂದಿನ ಬಾರಿ ಉತ್ತರಸೂಚಿ ಬರೆಯುವಾಗ ಭಾಮಿನಿಯ ಪಕ್ಕದಲ್ಲಿ ಆ ಆರು ಗಣರೂಪಗಳನ್ನೂ, ‘ಅಂತೆ’ಯ ಪಕ್ಕದಲ್ಲಿ ಆ ಎರಡು ಒರೆಗಳನ್ನೂ ಅಚ್ಚುಮಾಡಲಿ.